ಗಾಜಿನ ಬಿಸಿಲು

ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿಗೆ ಬೀಗ ಹಾಕಿದ ಮನೆಯನ್ನು ಅಕ್ಕ ಹುಟ್ಟಿದಾಗಿನಿಂದ ನೋಡಿದ್ದು ಇದೇ ಮೊದಲು. ಮಹಡಿಯ ಓಣಿಯಂಥ ಜಾಗದಲ್ಲಿ, ಕಣ್ಣಿನ ಎತ್ತರಕ್ಕೆ, ಗೋಡೆಯಲ್ಲೊಂದು ಬಿಳಿ ಗುಂಡಿ. ಅದನ್ನು ತಿರುಗಿಸಿದರೆ ಕೆಳಗೆ ಅಡುಗೆಮನೆಯಲ್ಲಿರುವ ಗ್ಯಾಸಿನ ಬಾಯ್ಲರ್ ಹೊತ್ತಿಕೊಂಡು, ಪ್ರತಿ ಕೋಣೆಯ ಕಿಟಕಿಯ ಕೆಳಗಿನ ಕಬ್ಬಿಣದ ಹೀಟರಿಗೆ ಬಿಸಿನೀರು ಹರಿಯಬೇಕು. ಆದರೆ ಗುಂಡಿಯ ಮೇಲೊಂದು ಪ್ಲಾಸ್ಟಿಕ್ ಪೆಟ್ಟಿಗೆ ಕೂತಿತ್ತು. ಪೆಟ್ಟಿಗೆಗೊಂದು ಪುಟ್ಟ ಬೀಗ. ಪ್ಲಾಸ್ಟಿಕ್ ಪಾರದರ್ಶಕವಾದ್ದರಿಂದ ಒಳಗಿನ ಮುಳ್ಳು ಹದಿನಾಲ್ಕು ಡಿಗ್ರಿಯ ಮೇಲೆ ಮಲಗಿರುವುದು ದಿನಾ ಕಾಣುತ್ತಿತ್ತು. ಕಾಣುತ್ತದೆ, ಮುಟ್ಟುವ ಹಾಗಿಲ್ಲ. ಅದನ್ನು ಮುಚ್ಚಿಟ್ಟಿದ್ದರೂ ಅಕ್ಕನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವಳು ಯಾರಿಗೂ ಒಡಹುಟ್ಟಿದ ಅಕ್ಕನಲ್ಲ. ಆ ಮನೆಯಲ್ಲಿ ಓದುತ್ತಿದ್ದವರಲ್ಲೆಲ್ಲ ವಯಸ್ಸಿಗೆ ದೊಡ್ಡವಳು, ಅದಕ್ಕೇ ಎಲ್ಲರಿಗೂ ಅಕ್ಕ. ಬೆವರುವ ಊರಿನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾಗಿದ್ದು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಕಲಿಸುವುದನ್ನು ಓದಬೇಕೆಂದು ರಜೆ ಹಾಕಿ ಈ ಚಳಿಯೂರಿಗೆ ಬಂದಿದ್ದಳು. ಜೊತೆಯಲ್ಲಿ ಆರು ವರ್ಷದ ಮಗಳು. ತಟ್ಟೆಯ ಅನ್ನವನ್ನು ಒಂದೊಂದೇ ಅಗುಳು ಹೆಕ್ಕಿ ತಿನ್ನುತ್ತಾಳೆಂದು ಆ ಮಗುವಿಗೆ ಗುಬ್ಬಿ ಅಂತ ಹೆಸರು ಬಿದ್ದಿತ್ತು. ಗಂಡ ಊರಿನಲ್ಲೇ ಉಳಿದಿದ್ದ, ಅವನ ಕೆಲಸ ಅಲ್ಲಿ. ಆದರೆ ಅವನ ಸಲಹೆ ದಿನಕ್ಕೆರಡು ಸಲ ಫೋನಿನಲ್ಲಿ ಬರುತ್ತಿತ್ತು.

ಬೀಗದ ಕೈ ಇದ್ದದ್ದು ಆ ಮನೆಯಲ್ಲಿ ಎಲ್ಲರೂ ಯಜಮಾನ ಅನ್ನುತ್ತಿದ್ದವನ ಹತ್ತಿರ. ಅವನೂ ಮನೆಯ ಮಾಲೀಕನಲ್ಲ. ಐದು ವರ್ಷದಿಂದ ಮುಗಿಯದ ಸಂಶೋಧನೆಯ ವಿದ್ಯಾರ್ಥಿ. ಇಡೀ ಮನೆಯನ್ನು ತನ್ನ ಹೆಸರಿನಲ್ಲಿ ಬಾಡಿಗೆಗೆ ಹಿಡಿದು, ದೊಡ್ಡ ಕೋಣೆ ತನಗಿಟ್ಟುಕೊಂಡು, ಉಳಿದೆರಡನ್ನು ಊರಿನ ಕಡೆಯಿಂದ ಬಂದವರಿಗೆ ಕೊಡುತ್ತಿದ್ದ. ಒಂದರಲ್ಲಿ ಅಕ್ಕ ಮತ್ತು ಗುಬ್ಬಿ. ಇನ್ನೊಂದರಲ್ಲಿ ಇಂಜಿನಿಯರಿಂಗ್ ಓದುವ, ಬಾಗಿಲಿಗೆ ತಲೆ ತಗುಲಿಸಿಕೊಳ್ಳದೆ ಒಳಗೆ ಬರಲಾರದ ಒಬ್ಬ ಹುಡುಗ. ಅವನನ್ನು ಎಲ್ಲರೂ ಕಂಬ ಅನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಬಾಡಿಗೆಯ ಮಾತಾಡುವಾಗ ಯಜಮಾನ ಹೇಳಿದ್ದು ಇಷ್ಟು: ಮನೆ ಬಿಸಿ ಮಾಡುವ ಗ್ಯಾಸಿನ ಖರ್ಚು ಬಾಡಿಗೆಯಲ್ಲೇ ಸೇರಿದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ, ಕರೆಂಟಿನ ಬಿಲ್ಲು ಮಾತ್ರ ಮೂರು ಪಾಲು. ಅಕ್ಕನಿಗೆ ಅದು ಉಪಕಾರದ ಹಾಗೆ ಕೇಳಿಸಿತ್ತು.

ಅವಳ ಗಂಡನಿಗಂತೂ ಯಜಮಾನನೆಂದರೆ ಬಲು ಭಕ್ತಿ, ಈ ಮನೆಯನ್ನು ಆರಿಸಿದ್ದೂ ಗಂಡನೇ. ಊರಿನ ಕಡೆಯ ವಿದ್ಯಾರ್ಥಿಗಳ ಸಂಘದ ಪರವಾಗಿ ಪ್ರತಿ ವರ್ಷ ಹೊಸಬರು ಹೊರಡುವ ಮೊದಲು ಎಲ್ಲರಿಗೂ ಫೋನಿನ ಪರದೆಯಲ್ಲಿ ಭಾಷಣ ಮಾಡುವವನು ಯಜಮಾನನೇ. ಏನೇನು ತರಬೇಕು, ಹೇಗೆ ಬದುಕಬೇಕು, ಚಳಿಗೆ ಹೆದರಬಾರದು ಅಂತ. ಗಂಡ ಅದನ್ನು ಎರಡೆರಡು ಸಲ ಕೇಳಿ, ಅಕ್ಕನನ್ನು ಪೇಟೆಯ ಅಂಗಡಿಗೆ ಎಳೆದುಕೊಂಡು ಹೋಗಿದ್ದ. ಹೊರಗೆ ಡಾಂಬರು ಕರಗುತ್ತಿದ್ದರೂ ಆ ಅಂಗಡಿಯಲ್ಲಿ ಏಸಿಯನ್ನು ಹಲ್ಲು ಕಟಕಟಿಸುವಷ್ಟು ಇಟ್ಟಿದ್ದರು. ಗುಬ್ಬಿಗೆಂದು ಕೊಂಡದ್ದು ಹಾಸಿಗೆಯಷ್ಟು ದಪ್ಪದ ಒಂದು ಕೆಂಪು ಕೋಟು, ಅರ್ಧ ಡಜನ್ ಹತ್ತಿಯ ಒಳ ಉಡುಪು, ಅಳತೆಗೆ ಸರಿಯಾದ ಬೂಟು. ಕೋಟು ತೊಡಿಸಿ ನಿಲ್ಲಿಸಿದಾಗ ಗಂಡ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದ.

ಮೊದಲ ತಿಂಗಳೇ ಆ ಫೋಟೋದ ಬಣ್ಣ ಇಳಿಯಿತು. ಗುಬ್ಬಿ ಶಾಲೆಯಲ್ಲಿ ಓಡಾಡಿ ಆಡುತ್ತಾಳೆ, ದಪ್ಪ ಕೋಟಿನೊಳಗೆ ಬೆವರುತ್ತಾಳೆ, ಹತ್ತಿಯ ಒಳ ಉಡುಪು ಆ ಬೆವರನ್ನು ಕುಡಿದು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ. ಮನೆಗೆ ನಡೆದು ಬರುವಷ್ಟರಲ್ಲಿ ಆ ಒದ್ದೆಯೇ ತಣ್ಣಗಾಗಿ ಮಗು ನಡುಗುತ್ತದೆ. ಅಳತೆಗೆ ಸರಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದ್ದರಿಂದ ಬೆರಳಿಗೆ ರಕ್ತ ಸರಿಯಾಗಿ ಓಡದೆ ತುದಿಯೆಲ್ಲ ಕೆಂಪಾಗಿ ಊದಿ, ಮಲಗಿದ ಮೇಲೆ ತುರಿಕೆ. ಶಾಲೆಯ ಟೀಚರು ಅಕ್ಕನನ್ನು ಕರೆಸಿ ಇದನ್ನೆಲ್ಲ ಬಿಡಿಸಿ ಹೇಳಿದಳು, ತುಂಬ ನಯವಾಗಿ. ಬೈದಿದ್ದರೆ ವಾಸಿಯಿತ್ತು. ತಾನೂ ಟೀಚರು, ಹತ್ತಿ ನೀರು ಹೀರುತ್ತದೆ ಎಂದು ಮಕ್ಕಳಿಗೆ ವರ್ಷ ವರ್ಷ ಹೇಳಿಕೊಟ್ಟವಳು, ಅದನ್ನು ಮಗಳ ಬೆನ್ನಿನ ಮೇಲೆ ಇನ್ನೊಬ್ಬಳಿಂದ ಕಲಿಯಬೇಕಾಯಿತಲ್ಲ ಎಂದು ಅಕ್ಕನಿಗೆ ಮೈಯೆಲ್ಲ ಉರಿಯಿತು. ಅಂದೇ ಹಳೆ ಬಟ್ಟೆ ಮಾರುವ ಅಂಗಡಿಗೆ ಹೋಗಿ, ಮೈಗಂಟುವ ತೆಳು ಉಣ್ಣೆಯ ಅಂಗಿ, ಅದರ ಮೇಲಕ್ಕೊಂದು ಸ್ವೆಟರು, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ತೆಳು ಕೋಟು ಆರಿಸಿ ತಂದಳು. ಒಂದಳತೆ ದೊಡ್ಡ ಬೂಟು, ಒಂದೇ ಒಂದು ಜೊತೆ ಉಣ್ಣೆಯ ಕಾಲುಚೀಲ. ಸೆಖೆಯಾದರೆ ಒಂದು ಪದರ ತೆಗೆಯುವುದು, ಚಳಿಯಾದರೆ ಹಾಕಿಕೊಳ್ಳುವುದು. ಗುಬ್ಬಿಯ ಬೆರಳು ವಾರದಲ್ಲಿ ಸರಿಹೋಯಿತು.

ಬಟ್ಟೆಯದು ಹಾಗೆ ಮುಗಿಯಿತು. ಅದರ ಬೆನ್ನಿಗೇ ಕಾಲು ನೋವು ಶುರುವಾಯಿತು.

ಚಳಿಗಾಲ ಬಲಿಯುತ್ತ ಬಂದ ಹಾಗೆ ಗುಬ್ಬಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ರಾತ್ರಿ ಮೊಣಕಾಲು ಒತ್ತು ಅನ್ನುತ್ತಿದ್ದಳು. ಆಡಿ ಸುಸ್ತಾಗಿರಬೇಕು ಎಂದು ಅಕ್ಕ ಮೊದಮೊದಲು ತಳ್ಳಿಹಾಕಿದಳು. ಗಂಡನಿಗೆ ಹೇಳಿದಾಗ ಅವನ ಬಾಯಿಯಲ್ಲಿ ಉತ್ತರ ಸಿದ್ಧವಾಗಿತ್ತು. ಬಿಸಿಲಿನ ವಿಟಮಿನ್ ಕಡಿಮೆಯಾಗಿದೆ, ಯಜಮಾನರು ಭಾಷಣದಲ್ಲೇ ಹೇಳಿದ್ದರಲ್ಲ ಅಂದ.

“ಬಿಸಿಲಿಗೆ ಕೂರಿಸು ಸಾಕು,” ಅಂದ. “ಬಿಸಿಲಿಗೇನು ಬಿಲ್ಲು ಬರುತ್ತಾ?”

ಅದೊಂದು ಮಾತಿಗೆ ಅಕ್ಕನಿಗೂ ತಲೆ ಆಡಿಸುವಂತಾಗಿತ್ತು. ಅವರ ಕೋಣೆಯ ದೊಡ್ಡ ಕಿಟಕಿಗೆ ಮಧ್ಯಾಹ್ನದ ಹೊತ್ತು ಬಿಸಿಲು ಬೀಳುತ್ತಿತ್ತು. ಹೊರಗೆ ಮೂಗು ಕೊಯ್ಯುವ ಗಾಳಿ, ಒಳಗೆ ಗಾಜಿನ ಹಿಂದೆ ಹಾಯಾದ ಬಿಸುಪು. ಶಾಲೆ ಇಲ್ಲದ ದಿನ ಗುಬ್ಬಿಯ ಅಂಗಿ ಬಿಚ್ಚಿ, ಬೆನ್ನಿಗೆ ಬಿಸಿಲು ಬೀಳುವ ಹಾಗೆ ಕುರ್ಚಿ ಹಾಕಿ, ಚಿತ್ರ ಬರೆಯಲು ಕೂರಿಸುವುದು ರೂಢಿಯಾಯಿತು. ಅಕ್ಕ ಕಾಲೇಜಿನ ಕ್ಯಾಂಟೀನಿನಲ್ಲಿ ಮೇಜು ಒರೆಸುವ ಕೆಲಸಕ್ಕೆ ಹೋದಾಗ ಕಂಬ ಆ ಕುರ್ಚಿಯನ್ನು ಬಿಸಿಲಿನ ಹಿಂದೆ ಹಿಂದೆ ಸರಿಸುತ್ತಿದ್ದ. ಯಜಮಾನ ಆ ಬಾಗಿಲು ಹಾಯುವಾಗ ಒಮ್ಮೆ ಇಣುಕಿ, ನೋಡಿ, ನಿಮ್ಮ ಕೋಣೆಗೆ ಹೀಟರೇ ಬೇಕಿಲ್ಲ ಅಂತ ನಗುತ್ತಾ ಹೋಗಿದ್ದ. ಅಂದು ಅಕ್ಕನೂ ನಕ್ಕಿದ್ದಳು.

ನೋವು ಮಾತ್ರ ಹೆಚ್ಚುತ್ತ ಹೋಯಿತು. ಜೊತೆಗೆ ಬಿಡದ ಕೆಮ್ಮು. ಕೊನೆಗೆ ಅಕ್ಕ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ಹೆಂಗಸು, ಗಡಿಬಿಡಿಯಿಲ್ಲದವಳು. ಗುಬ್ಬಿಯ ಕಾಲು, ಮಣಿಕಟ್ಟು ಮುಟ್ಟಿ ನೋಡಿ ರಕ್ತ ತೆಗೆಸಿದಳು. ಎರಡನೇ ಸಲ ಕರೆದಾಗ, ವಿಟಮಿನ್ ಡಿ ತೀರಾ ತಳ ಸೇರಿದೆ, ಮೂಳೆ ಇನ್ನೂ ಬಾಗಿಲ್ಲ, ಈಗಲೇ ಬಂದದ್ದು ಒಳ್ಳೆಯದಾಯಿತು ಎಂದಳು. ಅಕ್ಕ, ತಾನು ತಪ್ಪದೆ ಬಿಸಿಲಿಗೆ ಕೂರಿಸಿದ್ದೇನೆ ಎಂದಳು. ಎಲ್ಲಿ ಎಂದು ಡಾಕ್ಟರು ಕೇಳಿದಳು. ಕಿಟಕಿಯ ಹತ್ತಿರ. ಕಿಟಕಿ ತೆರೆದೋ, ಮುಚ್ಚಿಯೋ? ಇಂಥ ಚಳಿಯಲ್ಲಿ ಯಾರು ತೆರೆಯುತ್ತಾರೆ, ಮುಚ್ಚಿಯೇ.

ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದ್ದು ಇದು. ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಬಿಡುತ್ತದೆ. ಚರ್ಮ ಆ ವಿಟಮಿನ್ ತಯಾರಿಸಿಕೊಳ್ಳಲು ಯಾವ ಕಿರಣ ಬೇಕೋ ಅದನ್ನು ಮಾತ್ರ ತಡೆದುಬಿಡುತ್ತದೆ. ಕಿಟಕಿ ತೆರೆದಿದ್ದರೂ ಈ ತಿಂಗಳುಗಳಲ್ಲಿ ಸುಖವಿರಲಿಲ್ಲ. ಇಲ್ಲಿ ಚಳಿಗಾಲದ ಸೂರ್ಯ ಎಷ್ಟು ಕೆಳಗೆ ಓಡಾಡುತ್ತಾನೆಂದರೆ ಆ ಕಿರಣ ನೆಲಕ್ಕೆ ತಲುಪುವುದೇ ಇಲ್ಲ ಅನ್ನಬಹುದು. ನಿಮ್ಮ ಹಾಗೆ ಕಪ್ಪು ಚರ್ಮದವರಿಗೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಹಾಗಾಗಿ ಇಲ್ಲಿ ವಿಟಮಿನ್ನು ಬಿಸಿಲಿನಿಂದಲ್ಲ, ಬಾಟಲಿಯಿಂದ.

ಊಟದ ಜೊತೆ ದಿನಾ ಕೊಡಬೇಕಾದ ಹನಿಗಳನ್ನು ಬರೆದಳು. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿ, ಆಮೇಲೆ ಕಡಿಮೆ ಮಾಡುವುದು. ಹಾಲು ಮೊಸರು ಬಿಡಬಾರದು. ಅಕ್ಕ ಚೀಲದಿಂದ ಅತ್ತೆ ಕಳಿಸಿದ್ದ ಪುಡಿಯ ಪ್ಯಾಕೆಟ್ಟುಗಳನ್ನು ತೆಗೆದು ತೋರಿಸಿದಳು. ದಿನಾ ಒಂದು ಹಾಲಿಗೆ ಹಾಕಿ ಕೊಡು, ಬೇಗ ಗುಣವಾಗುತ್ತೆ ಎಂದು ಅತ್ತೆ ಹೇಳಿದ್ದಳು. ಡಾಕ್ಟರು ಅದರ ಮೇಲಿನ ಅಕ್ಷರ ಓದಿದವಳೇ ಮುಖ ಬಿಗಿದುಕೊಂಡಳು. ಇದು ದೊಡ್ಡವರು ವಾರಕ್ಕೊಂದರಂತೆ ತೆಗೆದುಕೊಳ್ಳುವ ಅರುವತ್ತು ಸಾವಿರ ಯೂನಿಟ್ಟಿನ ವಿಟಮಿನ್ ಡಿ ಡೋಸು. ಮಗುವಿಗೆ ದಿನಾ ಕೊಟ್ಟರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡ ಕೆಡುತ್ತದೆ, ಒಂದನ್ನೂ ಕೊಡಬೇಡಿ ಅಂದಳು. ಅಕ್ಕ ಒಂದನ್ನೂ ಕೊಟ್ಟಿರಲಿಲ್ಲ. ಕೊಡದೆ ಇದ್ದದ್ದು ಜಾಣತನದಿಂದಲ್ಲ, ಗುಬ್ಬಿ ಅದರ ವಾಸನೆಗೆ ಮುಖ ತಿರುಗಿಸಿದ್ದರಿಂದ.

ಕೆಮ್ಮಿಗೆ ಡಾಕ್ಟರು ಕೇಳಿದ್ದು ಮನೆಯ ವಿಚಾರ. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಇದೆಯೇ, ಕಿಟಕಿಯಲ್ಲಿ ನೀರು ಇಳಿಯುತ್ತದೆಯೇ, ಮನೆ ಎಷ್ಟು ಡಿಗ್ರಿ ಇರುತ್ತದೆ. ಮೂಳೆಗೆ ಹನಿ ಸಾಕು, ಎದೆಗೆ ಬೆಚ್ಚಗಿನ ಒಣ ಕೋಣೆ ಬೇಕು, ಹದಿನೆಂಟಕ್ಕಿಂತ ಕೆಳಗಿಳಿಸಬೇಡಿ ಅಂತ ಹೇಳಿ ಕಳಿಸಿದಳು.

ದಾರಿಯುದ್ದಕ್ಕೂ ಅಕ್ಕನ ಕಣ್ಣ ಮುಂದೆ ಅದೇ. ಅಂಗಿ ಬಿಚ್ಚಿ ಕೂತಿದ್ದ ಆ ಪುಟ್ಟ ಬೆನ್ನು, ಅದರ ಮೇಲೆ ಬೀಳುತ್ತಿದ್ದ ಯಾವ ಕೆಲಸಕ್ಕೂ ಬಾರದ ಬಿಸಿಲು, ಕುರ್ಚಿ ಸರಿಸುತ್ತಿದ್ದ ಕಂಬ, ಬಾಗಿಲಲ್ಲಿ ನಕ್ಕ ಯಜಮಾನ, ಜೊತೆಗೆ ನಕ್ಕ ತಾನು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅವಳು ಗುಬ್ಬಿಯ ಕೈಯನ್ನು ಬಿಗಿಯಾಗಿ ಹಿಡಿದಳು. ನೋಯುತ್ತೆ ಅಮ್ಮಾ ಎಂದಾಗಲೇ ಸಡಿಲಿಸಿದ್ದು.

ಗಂಡನಿಗೆ ಹೇಳಿದರೆ ಅವನು ತಪ್ಪು ಒಪ್ಪಿಕೊಳ್ಳಬಹುದು, ಪಾಪ ಅನ್ನಬಹುದು ಎಂದುಕೊಂಡಿದ್ದಳು. ಫೋನಿನಲ್ಲಿ ಅವನ ಹಿಂದೆ ಅತ್ತೆಯ ದನಿಯೂ ಕೇಳುತ್ತಿತ್ತು. ಸ್ವಲ್ಪ ಹೊತ್ತು ಇಬ್ಬರೂ ಗುಸುಗುಸು ಮಾತಾಡಿಕೊಂಡರು.

“ಮಗುವನ್ನ ಕಳಿಸಿಬಿಡು,” ಅಂದ ಗಂಡ. “ನನ್ನ ತಮ್ಮ ನಿಮ್ಮ ಪಕ್ಕದ ಊರಿಗೆ ಟ್ರೈನಿಂಗಿಗೆ ಬಂದಿದಾನಲ್ಲ, ಮುಂದಿನ ಶನಿವಾರ ವಾಪಸ್ ಬರ್ತಾನೆ. ಅವನ ಜೊತೆ ಕಳಿಸು. ಇಲ್ಲಿ ಅಮ್ಮ ನೋಡ್ಕೋತಾಳೆ.”

ಹನಿ ಶುರುವಾಗಿದೆ, ಗುಣವಾಗುತ್ತಾಳೆ ಎಂದು ಅಕ್ಕ ಹೇಳಿದಳು. ಅದಕ್ಕವನು, ಹನಿ ಇಲ್ಲೂ ಸಿಗುತ್ತೆ, ಆದರೆ ಕೆಮ್ಮುವ ಮಗುವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ನೀನು ಓದುವುದೇನು ಎಂದ. ಅಕ್ಕನಿಗೆ ಹೇಳಲು ನೂರು ಮಾತಿದ್ದವು. ಆ ಪೆಟ್ಟಿಗೆಯನ್ನು ಆರಿಸಿದ್ದು ಯಾರು, ಕೋಟು ಕೊಂಡದ್ದು ಯಾರು, ಬಿಸಿಲಿಗೆ ಬಿಲ್ಲಿಲ್ಲ ಅಂದದ್ದು ಯಾರು. ಹೇಳಿದರೆ ಜಗಳವಾಗುತ್ತದೆ, ಜಗಳವಾದರೆ ಮಗು ಖಂಡಿತ ಹೋಗುತ್ತದೆ. ಮನೆ ಬೆಚ್ಚಗಾದರೆ ಇಟ್ಟುಕೊಳ್ಳಲೇ ಎಂದಷ್ಟೇ ಕೇಳಿದಳು. ತಮ್ಮ ಬಂದು ಕಣ್ಣಾರೆ ನೋಡಿ ಹೇಳಲಿ, ಬೆಚ್ಚಗಿದ್ದರೆ ಇರಲಿ, ಇಲ್ಲದಿದ್ದರೆ ಕರೆದುಕೊಂಡು ಬರಲಿ ಎಂದು ಗಂಡ ಮಾತು ಮುಗಿಸಿದ. ಅದು ಅವನ ಮಟ್ಟಿಗೆ ದೊಡ್ಡ ಔದಾರ್ಯ.

ಅಕ್ಕ ಅದೇ ಸಂಜೆ ಯಜಮಾನನ ಬಾಗಿಲು ತಟ್ಟಿದಳು. ಅವನು ಬಾಗಿಲನ್ನು ತನ್ನ ಮೈಯಷ್ಟೇ ಅಗಲ ತೆರೆದು, ಹಿಂದೆ ಎಳೆದುಕೊಂಡು, ಹೊರಗೆ ನಿಂತು ಮಾತಾಡಿದ. ತಲೆಗೆ ಟೋಪಿ, ಕತ್ತಿಗೆ ಮಫ್ಲರು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ, ಪಾಪ ಎಂದ. ಹದಿನೆಂಟಕ್ಕೆ ಇಡಿ ಎಂದಾಗ ತಲೆ ಅಲ್ಲಾಡಿಸಿದ.

“ಅಕ್ಕಾ, ನಾನು ಮೂರು ಚಳಿಗಾಲ ಒಂದೇ ಸ್ವೆಟರಿನಲ್ಲಿ ಕಳೆದಿದೀನಿ. ಮೈಗೆ ಅಭ್ಯಾಸ ಮಾಡಿಸ್ಬೇಕು ಅಷ್ಟೆ.”

“ಅವಳಿಗೆ ಆರು ವರ್ಷ. ಯಾವ ಅಭ್ಯಾಸ ಮಾಡಿಸಲಿ?”

“ಇನ್ನೊಂದು ಕಂಬಳಿ ಬೇಕಾದ್ರೆ ನಾನೇ ಕೊಡ್ತೀನಿ.”

ಕಂಬಳಿ ತಂದೂ ಕೊಟ್ಟ. ಅದನ್ನು ಅವನ ಮುಖಕ್ಕೇ ಎಸೆಯಬೇಕೆನ್ನಿಸಿತು. ಆದರೆ ಚಳಿ ಸಿಟ್ಟಿನ ಮುಲಾಜು ನೋಡುವುದಿಲ್ಲವಲ್ಲ. ತೆಗೆದುಕೊಂಡು ಬಂದು ಗುಬ್ಬಿಗೆ ಹೊದಿಸಿದಳು. ಕಂಬಳಿ ಮೈಯನ್ನು ಮುಚ್ಚಿತು, ಮೂಲೆಯ ಬೂಷ್ಟನ್ನು ಮುಚ್ಚಲಿಲ್ಲ, ಕೆಮ್ಮನ್ನೂ ಮುಚ್ಚಲಿಲ್ಲ.

ಮರುದಿನ ಅಕ್ಕ ಅಗ್ಗದ ಸಾಮಾನಿನ ಅಂಗಡಿಯಿಂದ ಫ್ಯಾನಿನ ಹಾಗೆ ಬಿಸಿಗಾಳಿ ಊದುವ ಒಂದು ಕರೆಂಟಿನ ಹೀಟರನ್ನು ಕೊಂಡು, ಚೀಲದ ಮೇಲೆ ಸೊಪ್ಪಿನ ಕಟ್ಟು ಇಟ್ಟುಕೊಂಡು ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿದಳು. ಕರೆಂಟಿನ ಬಿಲ್ಲು ಮೂರು ಪಾಲಾಗುತ್ತದೆಂಬುದು ಅವಳಿಗೆ ಮರೆತಿರಲಿಲ್ಲ. ತನ್ನ ಮಗಳ ಬಿಸುಪನ್ನು ಕಂಬನ ಪಾಲಿನಿಂದಲೂ ಕೊಳ್ಳುತ್ತಿದ್ದೇನೆಂದು ಗೊತ್ತಿತ್ತು. ಆ ಅರಿವನ್ನು ಹೀಟರಿನ ಜೊತೆಗೇ ಮಂಚದ ಕೆಳಗೆ ತಳ್ಳಿದಳು. ಮಗುವಿಗೆ ಸ್ನಾನ ಮಾಡಿಸುವಾಗ, ಮಲಗಿಸುವಾಗ ಮಾತ್ರ ಹಾಕುವುದು ಎಂದುಕೊಂಡದ್ದು, ಮೈದುನ ಬರುವ ದಿನ ಹತ್ತಿರವಾದ ಹಾಗೆ ಸಂಜೆಯಿಡೀ ಉರಿಯತೊಡಗಿತು.

ಗುರುವಾರ ಹಿಮ ಬಿತ್ತು. ಸಂಜೆ ಇನ್ನೂ ಆಗಿರದಿದ್ದರೂ ಆಗಲೇ ಕತ್ತಲು. ಅಕ್ಕ ಗುಬ್ಬಿಗೆ ಸ್ನಾನ ಮಾಡಿಸಿ, ಟವೆಲಿನಲ್ಲಿ ಸುತ್ತಿ ಕೋಣೆಗೆ ಎತ್ತಿಕೊಂಡು ಬಂದು, ಹೀಟರಿನ ಸ್ವಿಚ್ಚು ಒತ್ತಿದಳು. ಟಪ್ ಅಂತ ಇಡೀ ಮನೆಯ ದೀಪ ಹೋಯಿತು.

ಬಾಗಿಲುಗಳು ತೆರೆದವು. ಕಂಬ ಫೋನಿನ ಬೆಳಕು ಹಿಡಿದುಕೊಂಡು, ತಲೆ ತಗ್ಗಿಸಿ ಬಂದ. ಯಜಮಾನ ಓಣಿಯ ಕೊನೆಯ ಕಪಾಟು ತೆರೆದು ಬಿದ್ದಿದ್ದ ಸ್ವಿಚ್ಚನ್ನು ಮೇಲೆತ್ತಿದ. ದೀಪ ಬಂತು, ಎರಡು ಉಸಿರು ಇತ್ತು, ಟಪ್. ಮತ್ತೆ ಎತ್ತಿದ, ಮತ್ತೆ ಟಪ್.

“ಯಾರ ರೂಮಲ್ಲಿ ಹೀಟರ್ ಇದೆ?” ಎಂದು ಯಜಮಾನ ಕತ್ತಲಲ್ಲಿ ಕೇಳಿದ. ದನಿಯಲ್ಲಿ ಶಾಲೆಯ ಹೆಡ್‌ಮಾಸ್ತರಿದ್ದ.

ಅಕ್ಕ ಟವೆಲಿನ ಗುಬ್ಬಿಯನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಕಂಬ ಕೆಮ್ಮಿ, ನಂದೊಂದು ಇದೆ, ಪ್ಲಗ್ಗಿಂದ ಬೇರೆ ಸುಟ್ಟ ವಾಸನೆ ಬರ್ತಾ ಇದೆ ಎಂದ. ಅಕ್ಕ, ನನ್ನದೂ ಇದೆ ಎಂದಳು. ಯಜಮಾನ ನಿಟ್ಟುಸಿರು ಬಿಟ್ಟು, ಒಂದೇ ತಂತಿಯ ಮೇಲೆ ಎರಡು ಹೀಟರು ಹಾಕಿದರೆ ಬೆಂಕಿ ಹತ್ತುತ್ತದೆ, ಮಗು ಇರುವ ಮನೆ ಇದು, ಓದಿದವರು ನೀವು ಎಂದು ಶುರುಮಾಡಿದ. ಇಬ್ಬರೂ ಹೋಗಿ ತಮ್ಮ ತಮ್ಮ ಹೀಟರಿನ ಪ್ಲಗ್ಗು ಕಿತ್ತು ಬಂದರು. ಕಂಬ ಸ್ವಿಚ್ಚು ಎತ್ತಿದ. ದೀಪ ಬಂತು, ನಿಂತಿತು. ಯಜಮಾನ ಉಪದೇಶ ಮುಂದುವರಿಸಿದ.

ಆಗ ಗುಬ್ಬಿ ಅಮ್ಮನ ತೋಳಿನಿಂದ ಕೆಳಗಿಳಿದಳು. ಚಳಿಗೆ ಮಗು ಬೆಚ್ಚಗಿನ ಕಡೆ ಹೋಗುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಯಜಮಾನನ ಬೆನ್ನ ಹಿಂದೆ ಅರೆ ತೆರೆದಿದ್ದ ಅವನ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಅಮ್ಮಾ ಇಲ್ಲಿ ಬೇಸಿಗೆ ಇದೆ ಎಂದಳು.

ಅಕ್ಕ ಹಿಂದೆಯೇ ಹೋಗಿ ಬಾಗಿಲನ್ನು ಪೂರ್ತಿ ತಳ್ಳಿದಳು. ಬಿಸಿ ಮುಖಕ್ಕೆ ಬಂದು ಬಡಿಯಿತು. ಮೇಜಿನ ಕೆಳಗೆ ಎರಡು ಸರಳಿನ ಹೀಟರು ಕೆಂಪಗೆ ಉರಿಯುತ್ತಿತ್ತು. ಕುರ್ಚಿಯ ಬೆನ್ನಿಗೆ ಟೋಪಿ, ಮಫ್ಲರು ನೇತಾಡುತ್ತಿದ್ದವು. ಹೊರಗೆ ಬಂದು ಮಾತಾಡುವಾಗಲಷ್ಟೇ ಹಾಕಿಕೊಳ್ಳುವ ವೇಷ ಅದು.

ಇಷ್ಟು ದಿನ ಯಾರ ಮೇಲೆ ಎಂದು ತಿಳಿಯದೆ ಸುತ್ತುತ್ತಿದ್ದ ಸಿಟ್ಟಿಗೆ ಅಲ್ಲಿ ಕಾಲೂರಲು ಜಾಗ ಸಿಕ್ಕಿತು. ಅವಳು ದನಿ ಎತ್ತಲಿಲ್ಲ. ಶಾಲೆಯಲ್ಲೂ ಅವಳು ಸಿಟ್ಟಾದಷ್ಟು ದನಿ ಇಳಿಸುವವಳು.

“ಗ್ಯಾಸು ನಿಮ್ಮ ಖರ್ಚು, ಅದಕ್ಕೆ ಬೀಗ. ಕರೆಂಟು ಮೂರು ಪಾಲು, ಅದಕ್ಕೆ ಬೀಗ ಇಲ್ಲ. ನಿಮ್ಮ ಕೋಣೆ ಬೆಚ್ಚಗಿರೋಕೆ ನನ್ನ ಮಗಳ ಪಾಲಿಂದಲೂ ತಗೊಂಡಿದೀರಿ.”

“ನೀವೂ ಹಾಕಿದ್ರಲ್ಲ ಅಕ್ಕಾ.”

“ಹಾಕಿದೆ. ಕದ್ದು ಹಾಕಿದೆ, ನಾಚಿಕೆನೂ ಆಯ್ತು. ಆದರೆ ನಾನು ಯಾರಿಗೂ ಭಾಷಣ ಮಾಡಿಲ್ಲ.”

ಕಂಬ ನಗು ತಡೆಯಲು ಗೋಡೆಯ ಕಡೆ ತಿರುಗಿದ. ಯಜಮಾನನ ಮುಖ ಸಣ್ಣದಾಯಿತು. ಹೋದ ಚಳಿಗಾಲದಲ್ಲಿ ಇದ್ದವರು ಗುಂಡಿಯನ್ನು ಇಪ್ಪತ್ತೈದಕ್ಕಿಟ್ಟು, ಸೆಖೆಯೆಂದು ಕಿಟಕಿ ತೆರೆದು ಮಲಗುತ್ತಿದ್ದರಂತೆ. ಮಧ್ಯದಲ್ಲಿ ಮನೆ ಬಿಟ್ಟು ಹೋದರಂತೆ. ಗ್ಯಾಸಿನ ಬಿಲ್ಲು ಅವನ ವಿದ್ಯಾರ್ಥಿವೇತನವನ್ನು ನುಂಗಿತಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಡ್‌ಮಾಸ್ತರು ಇರಲಿಲ್ಲ. ಇನ್ನೊಂದು ದಿನವಾಗಿದ್ದರೆ ಅಕ್ಕನಿಗೆ ಕರುಣೆ ಬರುತ್ತಿತ್ತೋ ಏನೋ. ಆದರೆ ಅವಳ ಕಣ್ಣಿಗೆ ಗಾಜಿನ ಹಿಂದಿನ ಬೆನ್ನೇ ಕಾಣುತ್ತಿತ್ತು.

ಕಂಬನೇ ಲೆಕ್ಕ ಬಿಡಿಸಿದ. ಈ ಊರಿನಲ್ಲಿ ಅಷ್ಟೇ ಬಿಸಿಯನ್ನು ಕರೆಂಟಿನಿಂದ ಪಡೆಯಲು ಗ್ಯಾಸಿಗಿಂತ ಮೂರು ಪಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ಮೂರು ಹೀಟರು ಕದ್ದು ಉರಿಸಿದ ದುಡ್ಡಿಗೆ ಇಡೀ ಮನೆಯನ್ನು ರಾಜರೋಷವಾಗಿ ಬಿಸಿ ಮಾಡಬಹುದಿತ್ತು. ನಾವು ಮೂವರೂ ಒಬ್ಬರಿಗೊಬ್ಬರು ಮೋಸ ಮಾಡಿ ಕರೆಂಟಿನ ಕಂಪನಿಯನ್ನ ಸಾಕ್ತಾ ಇದೀವಿ ಎಂದ.

ಅಕ್ಕ ಬೀಗದ ಕೈಗೆ ಅಂಗೈ ಚಾಚಿದಳು. ಗ್ಯಾಸಿನ ಬಿಲ್ಲನ್ನೂ ಇನ್ನು ಮೂರು ಪಾಲು ಮಾಡೋಣ, ಬಾಡಿಗೆಯಲ್ಲಿ ಅದಕ್ಕೆಂದು ಸೇರಿಸಿದ್ದನ್ನು ಕಳೆಯಿರಿ, ಹದಿನೆಂಟರ ಮೇಲೆ ನಾನೂ ಕೇಳುವುದಿಲ್ಲ, ಮೂರೂ ಹೀಟರು ನಾಳೆ ಮನೆಯಿಂದ ಹೊರಗೆ ಎಂದಳು. ಯಜಮಾನ, ಸಂಘದವರಿಗೆ ಇದನ್ನು ಹೇಳಬೇಡಿ ಎಂದು ಮೆಲ್ಲಗೆ ಕೇಳಿದ.

“ನಿಮ್ಮ ಹೀಟರಿನ ವಿಷಯ ಹೇಳಲ್ಲ,” ಎಂದಳು ಅಕ್ಕ. “ಆದರೆ ಮುಂದಿನ ವರ್ಷದ ಭಾಷಣ ನಾನು ಮಾಡ್ತೀನಿ. ಹತ್ತಿ ಬಟ್ಟೆ, ಗಾಜಿನ ಬಿಸಿಲು, ಅರುವತ್ತು ಸಾವಿರದ ಪುಡಿ, ಎಲ್ಲಾ ಹೇಳ್ತೀನಿ. ನೀವು ಎದುರಿಗೆ ಕೂತು ಕೇಳಿ.”

ಅವನು ಬೀಗದ ಕೈ ಕೊಟ್ಟ. ಅಷ್ಟು ದಿನ ಕಾಡಿದ ಪೆಟ್ಟಿಗೆ ಒಂದು ತಿರುವಿಗೆ ತೆರೆದುಕೊಂಡಿತು. ಗುಂಡಿ ತಿರುಗಿಸಿದಾಗ ಕೆಳಗೆಲ್ಲೋ ಬಾಯ್ಲರು ಗುಡುಗುಟ್ಟಿ ಎದ್ದಿತು. ತಣ್ಣಗಿದ್ದ ಕಬ್ಬಿಣ ಟಿಕ್ ಟಿಕ್ ಎಂದು ಹಿಗ್ಗತೊಡಗಿತು. ಅದರ ಮೇಲೆ ಒಣಗಲು ಹರವಿದ್ದ ಒದ್ದೆ ಬಟ್ಟೆಗಳನ್ನೆಲ್ಲ ಅಕ್ಕ ಎಳೆದು ಬಚ್ಚಲಿಗೆ ಸಾಗಿಸಿದಳು. ಬಟ್ಟೆ ಹೊದಿಸಿದರೆ ಬಿಸಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಆವಿಯೇ ಗೋಡೆಗೆ ಬೂಷ್ಟು. ಹಿಂದಿನ ಬಾಡಿಗೆಯವರು ಬಟ್ಟೆ ತುರುಕಿ ಮುಚ್ಚಿದ್ದ ಗಾಳಿಕಿಂಡಿಯನ್ನೂ ತೆರೆದಳು. ಬಾಗಿಲ ಸಂದಿಗೆ ಹಳೆ ಸೀರೆ ಸುರುಳಿ ಸುತ್ತಿಟ್ಟಳು. ಕತ್ತಲಾದೊಡನೆ ಪರದೆ ಎಳೆಯಬೇಕೆಂದು ಕಂಬನಿಗೆ ಹೇಳಿದಳು. ಮೂಲೆಯ ಕಪ್ಪನ್ನು ಬ್ಲೀಚು ಹಾಕಿ ಉಜ್ಜುವಾಗ ಅವಳ ಕೈಯಲ್ಲಿ ಅದೆಷ್ಟು ಸಿಟ್ಟಿತ್ತೆಂದರೆ ಗೋಡೆಯ ಬಣ್ಣವೂ ಸ್ವಲ್ಪ ಬಂತು.

ಶನಿವಾರ ಮೈದುನ ಬಂದ. ಗುಬ್ಬಿಯ ಬಟ್ಟೆ ತುಂಬಲೆಂದು ಖಾಲಿ ಸೂಟ್‌ಕೇಸು ಎಳೆದುಕೊಂಡು, ಅಣ್ಣನ ಅಪ್ಪಣೆಯನ್ನು ಮುಖದ ಮೇಲೆ ಹೊತ್ತುಕೊಂಡು ಬಂದಿದ್ದ. ಒಳಗೆ ಬಂದು ಕೂತ. ಸ್ವಲ್ಪ ಹೊತ್ತಿಗೆ ಮಫ್ಲರು ತೆಗೆದ, ಆಮೇಲೆ ಕೋಟು ತೆಗೆದ. ಗುಬ್ಬಿ ಅವನ ಎದುರಿಗೇ ಊಟದ ನಡುವೆ ಬಾಯಿ ತೆರೆದು ಹನಿ ಹಾಕಿಸಿಕೊಂಡಳು. ಆಮೇಲೆ ಚಿಕ್ಕಪ್ಪನಿಗೆ ತನ್ನ ಮೂರು ಪದರದ ಬಟ್ಟೆಯನ್ನು ಒಂದೊಂದಾಗಿ ತೋರಿಸಿದಳು. ಕಾಲು ಇನ್ನೂ ನೋಯುತ್ತಿತ್ತು. ಅದು ವಾರದಲ್ಲಿ ಹೋಗುವಂಥದ್ದಲ್ಲ ಎಂದು ಅಕ್ಕ ಮುಚ್ಚಿಡದೆ ಹೇಳಿದಳು.

ಅಣ್ಣನ ಫೋನು ಬಂದಾಗ ಮೈದುನ ಅತ್ತಿಗೆಯ ಮುಖ ನೋಡಿದ. ಅವಳು ಬೇಡುವ ಮುಖ ಮಾಡಲಿಲ್ಲ.

“ಬೆಚ್ಚಗಿದೆ ಅಣ್ಣ,” ಎಂದ. “ನಾನೇ ಕೋಟು ತೆಗೆದು ಕೂತಿದೀನಿ. ಕೆಮ್ಮು ಇನ್ನೂ ಇದೆ, ಆದರೆ ಡಾಕ್ಟರು ಹೇಳಿದ್ದನ್ನೆಲ್ಲ ಅತ್ತಿಗೆ ಮಾಡ್ತಾ ಇದಾರೆ. ಮಗು ಇಲ್ಲೇ ಇರಲಿ.”

ಆ ಕಡೆ ಗಂಡ ಏನೋ ಹೇಳುತ್ತಲೇ ಇದ್ದ. ಮೈದುನ ಹೂಂಗುಟ್ಟುತ್ತ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಅಕ್ಕ ಅಷ್ಟರಲ್ಲಿ ಖಾಲಿ ಸೂಟ್‌ಕೇಸನ್ನು ಮಂಚದ ಮೇಲೆ ತೆರೆದಿಟ್ಟು ತುಂಬತೊಡಗಿದ್ದಳು. ಮೊದಲು ಕೆಂಪು ಕೋಟು. ಅದನ್ನು ಮೊಣಕಾಲಿನಿಂದ ಒತ್ತಿ ಕೂರಿಸಬೇಕಾಯಿತು. ಅದರ ಮೇಲೆ ಹತ್ತಿಯ ಒಳ ಉಡುಪು, ಅರ್ಧ ಡಜನ್ನೂ. ಅಳತೆಗೆ ಸರಿಯಾದ ಬೂಟು. ಕೊನೆಗೆ, ಅತ್ತೆ ಕಳಿಸಿದ ಪುಡಿಯ ಪ್ಯಾಕೆಟ್ಟು, ಒಂದೂ ಬಿಡದೆ.

ಮೈದುನ ಇದೆಲ್ಲ ಯಾಕೆ ಅತ್ತಿಗೆ ಎಂದು ಕೇಳಿದ.

“ಶನಿವಾರ ನಿನ್ನ ಜೊತೆ ಕಳಿಸು ಅಂತ ನಿಮ್ಮಣ್ಣ ಹೇಳಿದ್ರಲ್ಲ, ಇದನ್ನ ಕಳಿಸ್ತಾ ಇದೀನಿ,” ಎಂದಳು ಅಕ್ಕ, ಜಿಪ್ಪನ್ನು ಎರಡೂ ಕೈಯಿಂದ ಎಳೆಯುತ್ತ. “ಪುಡಿ ಅತ್ತೆಗೆ ಕೊಡು, ಅವರ ಡಾಕ್ಟರು ಹೇಳಿದ್ರೆ ವಾರಕ್ಕೊಂದು ತಗೊಳ್ಳಲಿ, ದಿನಾ ಅಲ್ಲ. ಕೋಟು ಅಂಗಡಿಯವನು ವಾಪಸ್ ತಗೊಳ್ಳದಿದ್ರೆ ನಿಮ್ಮಣ್ಣ ಹೆಗಲಿಗೆ ಹೊದ್ಕೊಂಡು ಫ್ಯಾನಿನ ಕೆಳಗೆ ಕೂತಿರಲಿ. ಒಂದು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸು.”